ಟೈರಿನ ನಿಜವಾದ ಬೆಲೆ

ಸ್ಕೂಟರಿನ ಹಿಂದಿನ ಟೈರ್ ಸವೆದಿದೆ. ಅಂಗಡಿಯವರು ಎರಡು ಟೈರ್ ಮುಂದಿಟ್ಟರು: ಒಂದಕ್ಕೆ 1,450 ರೂಪಾಯಿ, ಇನ್ನೊಂದಕ್ಕೆ 1,050. ಕೈ ತಾನಾಗಿ ಅಗ್ಗದ್ದರತ್ತ ಹೋಗುತ್ತದೆ. ಸ್ವಲ್ಪ ತಡೆಯಿರಿ.

ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವ ಕೂಲಿ 150, ಹೊಸ ವಾಲ್ವ್ 50. ಟೈರ್ ಯಾವುದಾದರೂ ಈ 200 ರೂಪಾಯಿ ತಪ್ಪದು. ಮೊದಲನೆಯದು 15,000 ಕಿಲೋಮೀಟರ್ ಬಂದರೆ, 1,650ನ್ನು 15ರಿಂದ ಭಾಗಿಸಿ: ಸಾವಿರ ಕಿಲೋಮೀಟರಿಗೆ 110 ರೂಪಾಯಿ. ಎರಡನೆಯದು 10,000ಕ್ಕೇ ಸವೆದರೆ 1,250ನ್ನು 10ರಿಂದ ಭಾಗಿಸಬೇಕು: 125 ರೂಪಾಯಿ. ಬೇಗ ಸವೆಯುವ ಟೈರಿಗೆ ಕೂಲಿಯನ್ನೂ ಬೇಗ ಬೇಗ ಕೊಡಬೇಕಲ್ಲ, ಅಗ್ಗದ್ದು ಇನ್ನಷ್ಟು ಹಿಂದೆ ಬೀಳುವುದು ಅಲ್ಲೇ.

ಆದರೆ ಬಾಳಿಕೆಯ ಅಂಕಿಯನ್ನು ಅಂಗಡಿಯವರ ಬಾಯಿಂದ ತೆಗೆದುಕೊಳ್ಳಬೇಡಿ, ನೀವೇ ಅಳೆಯಿರಿ. ಹಾಕಿಸಿದ ದಿನ ನಡುಗಾಡಿಯ ಆಳ 5.8 ಮಿಲಿಮೀಟರ್ ಇತ್ತೆನ್ನಿ. ದ್ವಿಚಕ್ರ ವಾಹನಕ್ಕೆ ಕಾನೂನಿನ ಕನಿಷ್ಠ ಮಿತಿ 0.8, ಹಾಗಾಗಿ ಸವೆಯಲು ಸಿಗುವುದು 5. ಮೂರು ಸಾವಿರ ಕಿಲೋಮೀಟರ್ ಓಡಿದ ಮೇಲೆ 4.8 ಉಳಿದಿದ್ದರೆ, ಮಿಲಿಮೀಟರಿಗೆ 3,000; ಒಟ್ಟು 15,000.

ಈ ಲೆಕ್ಕವನ್ನು ಕೆಡಿಸುವುದು ಗಾಳಿ. ಗಾಳಿ ಕಡಿಮೆಯಿದ್ದರೆ ಟೈರಿನ ಎರಡು ಅಂಚು ಮೊದಲು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ. ಆದ್ದರಿಂದ ಅಳೆಯುವಾಗ ಅಂಚಿನ ಗಾಡಿಯನ್ನೂ ನೋಡಿ, ಎಲ್ಲಿ ಆಳ ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಕೊಳ್ಳುವಾಗ ಪಕ್ಕದ ಗೋಡೆಯ ನಾಲ್ಕಂಕಿಯನ್ನೂ ಓದಿ: 2324 ಎಂದಿದ್ದರೆ ಅದು 2024ರ 23ನೇ ವಾರದ್ದು. ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತ ರಬ್ಬರ್ ಗಡುಸಾಗಿ ಬಿರುಕು ಬಿಟ್ಟರೆ, ಗಾಡಿ ಆಳವಿದ್ದರೂ ಟೈರ್ ಬದಲಿಸಲೇಬೇಕು.