ಗೌಡ್ರು ಬಡದ್ರು: ಒಬ್ಬರೋ, ಹಲವರೋ?

ಕರ್ನಾಟಕದ ಕೆಳ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆ ಸಾಮಾನ್ಯವಾಗಿ ಕನ್ನಡದಲ್ಲೇ ದಾಖಲಾಗುತ್ತದೆ. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಇಂಗ್ಲಿಷ್ ಅನುವಾದ ಬೇಕಾಗಬಹುದು. ಎಡವಟ್ಟು ಆಗುವುದು ಅಲ್ಲೇ.

ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳು ಹೀಗೆ ಹೇಳಿದಳೆನ್ನಿ: ‘ದೀಪ ಹಚ್ಚೋ ಹೊತ್ನ್ಯಾಗ ಗೌಡ್ರು ಬಂದ್ರು, ನಮ್ಮಣ್ಣಗ ಬಡದ್ರು.’ ಅನುವಾದಕ ಇದನ್ನು ‘ಸಂಜೆ ಏಳಕ್ಕೆ ಆರೋಪಿಗಳು ಹಲ್ಲೆ ನಡೆಸಿದರು’ ಎಂಬರ್ಥದ ಇಂಗ್ಲಿಷಿಗೆ ತಂದರೆ ಓದಲು ಚೆಂದ. ಆದರೆ ಆಕೆ ಗಡಿಯಾರದ ಮಾತೇ ಆಡಿಲ್ಲ. ಬೇರೆ ಸಾಕ್ಷಿ ಎಂಟು ಗಂಟೆ ಎಂದರೆ, ಇಲ್ಲದ ವಿರೋಧಾಭಾಸ ಹುಟ್ಟುತ್ತದೆ.

‘ಬಡದ್ರು’ ಇನ್ನೂ ತೊಡಕಿನದು. ಅದು ಗೌರವಕ್ಕೆ ಹೇಳಿದ ಒಬ್ಬ ಗೌಡರೂ ಆಗಬಹುದು, ನಾಲ್ಕಾರು ಜನರೂ ಆಗಬಹುದು. ಇಂಗ್ಲಿಷಿನಲ್ಲಿ ‘ಹೀ’ ಅಥವಾ ‘ದೇ’ ಎರಡರಲ್ಲೊಂದನ್ನು ಆರಿಸಲೇಬೇಕು. ಐವರು ಅಥವಾ ಹೆಚ್ಚು ಮಂದಿ ಸೇರಿದ್ದರೆ ಅಕ್ರಮ ಕೂಟದ ಆರೋಪವೂ ಬರಬಹುದಾದ್ದರಿಂದ ಇದು ಬರೀ ವ್ಯಾಕರಣದ ಮಾತಲ್ಲ.

ಹಿಂದುಮುಂದಿನ ಮಾತಿನಿಂದ ಸ್ಪಷ್ಟವಾಗದಿದ್ದರೆ ಮೂಲಪದವನ್ನು ಹಾಗೇ ಇಟ್ಟು, ಎರಡೂ ಅರ್ಥ ಸಾಧ್ಯವೆಂದು ಟಿಪ್ಪಣಿ ಹಾಕಬೇಕು. ವಾಕ್ಯ ಒರಟಾದರೂ ಚಿಂತೆಯಿಲ್ಲ. ಎಷ್ಟು ಜನರಿದ್ದರೆಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ, ಅನುವಾದಕನದಲ್ಲ.