ಮಳೆಗಾಲಕ್ಕೊಂದು ಆಟದ ಯೋಜನೆ

ಕರಾವಳಿಯ ಶಾಲೆಗಳು ಬಾಗಿಲು ತೆರೆಯುವುದೂ ಮುಂಗಾರು ಬಂದಿಳಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿ, ದಕ್ಷಿಣ ಕನ್ನಡದ ಮೈದಾನಗಳಲ್ಲಿ ನೀರು ನಿಂತಿರುತ್ತದೆ. ವಲಯ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳೋ ಹೆಚ್ಚಾಗಿ ಇದೇ ಅವಧಿಯಲ್ಲಿ, ಇಲ್ಲವೇ ಅದರ ಬೆನ್ನಿಗೇ ಬರುತ್ತವೆ. ಹಾಗಾಗಿ ‘ಮಳೆಗಾಲದಲ್ಲಿ ಯೋಗ, ಚೆಸ್, ನವೆಂಬರ್ ನಂತರ ಕಬಡ್ಡಿ, ಓಟ’ ಎಂದು ವರ್ಷವನ್ನು ಎರಡು ಹೋಳು ಮಾಡಿದ ವಾರ್ಷಿಕ ಯೋಜನೆ ಕಾಗದದ ಮೇಲೆ ಅಂದವಾಗಿ ಕಂಡರೂ ಮಕ್ಕಳಿಗೆ ಅನ್ಯಾಯ ಮಾಡುತ್ತದೆ. ಕಬಡ್ಡಿ ಕಲಿಯುವ ಮೊದಲೇ ಅವರು ಕಬಡ್ಡಿ ಕೂಟಕ್ಕೆ ಹೋಗಿ ನಿಲ್ಲುತ್ತಾರೆ.

ಆಟಗಳನ್ನು ಕಾಲಕ್ಕೆ ಹಂಚುವ ಬದಲು ಒಂದೊಂದು ಆಟವನ್ನೂ ಬಿಡಿಸಿ ನೋಡಬೇಕು. ಕಬಡ್ಡಿಯನ್ನೇ ತೆಗೆದುಕೊಳ್ಳಿ. ಎದುರಾಳಿಯನ್ನು ಕೆಡವಿ ಹಿಡಿಯುವುದಕ್ಕೆ ಮಣ್ಣಿನ ಅಂಕಣವೇ ಬೇಕು, ಸಿಮೆಂಟಿನ ಮೇಲೆ ಅದನ್ನು ಮಾಡಿಸಲೇಬಾರದು. ಆದರೆ 30 ಸೆಕೆಂಡು ಉಸಿರು ಬಿಡದೆ ‘ಕಬಡ್ಡಿ’ ಹೇಳುವುದು, ಇಬ್ಬರು ಕೈ ಹಿಡಿದು ಸರಪಳಿಯಾಗಿ ಒಂದೇ ಹೆಜ್ಜೆಯಲ್ಲಿ ಸರಿಯುವುದು, ಕೂತು ಕಾಲು ಚಾಚಿ ಮುಟ್ಟುವುದು, ಇವಕ್ಕೆಲ್ಲ ಜಗಲಿ ಸಾಕು. ಬೋನಸ್ ಅಂಕವನ್ನೂ ಅಲ್ಲಿಯೇ ಕಲಿಸಬಹುದು. ಬಾಕ್ ಗೆರೆ, ಅದರಿಂದ 1 ಮೀಟರ್ ಆಚೆ ಬೋನಸ್ ಗೆರೆ, ಎರಡನ್ನೂ ಸೀಮೆಸುಣ್ಣದಲ್ಲಿ ಎಳೆಯಿರಿ. ಒಂದು ಕಾಲು ಬೋನಸ್ ಗೆರೆ ದಾಟಿ ನೆಲ ಮುಟ್ಟಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು; ಎದುರು ಆರು ಮಂದಿಯಾದರೂ ಇದ್ದರೆ ಮಾತ್ರ ಅಂಕ. ಕೂಟದಲ್ಲಿ ಮಕ್ಕಳು ಗೊಂದಲಕ್ಕೆ ಬೀಳುವುದು ಇಂಥ ಕಡೆಯೇ. ಅದನ್ನು ತಿದ್ದಲು ಬಿಸಿಲು ಬೇಕಿಲ್ಲ. ರಿಲೇ ಓಟವೂ ಹಾಗೆಯೇ. ನಾಲ್ವರು ಸಾಲಾಗಿ ನಡೆಯುತ್ತಾ ಹಿಂದಿನಿಂದ ಮುಂದಕ್ಕೆ, ತಿರುಗಿ ನೋಡದೆ ಬ್ಯಾಟನ್ ದಾಟಿಸುವ ಅಭ್ಯಾಸ ಒಳಗೇ ಆಗಲಿ. ಓಡುತ್ತಾ 30 ಮೀಟರ್ ವಲಯದೊಳಗೆ ಬದಲಿಸುವುದು ಮಾತ್ರ ಹೊರಗೆ.

ಹೀಗೆ ಬಿಡಿಸಿದ ಮೇಲೆ ತಾರೀಕು ಬರೆಯುವ ಗೋಜಿಗೆ ಹೋಗಬೇಡಿ. ‘ಜುಲೈ ಎರಡನೇ ವಾರ: ಓಟದ ಆರಂಭ’ ಎಂದು ಬರೆದರೆ ಆ ವಾರವೇ ಮಳೆ ಜಡಿಯುತ್ತದೆ. ಅದರ ಬದಲು ಎರಡು ಸರದಿ ಇರಲಿ, ಹೊರಗಿನದು ಒಂದು, ಒಳಗಿನದು ಒಂದು. ಪಾಠಗಳಿಗೆ ಕ್ರಮಸಂಖ್ಯೆ ಮಾತ್ರ. ಬೆಳಿಗ್ಗೆ ಮೈದಾನ ನೋಡಿ ಆಯಾ ಸರದಿಯ ಮುಂದಿನ ಪಾಠ ಎತ್ತಿಕೊಳ್ಳುವುದು.

8ನೇ ತರಗತಿಗೆ ವಾರಕ್ಕೆ 3 ಅವಧಿ ಎಂದು ಹಿಡಿಯೋಣ. ಸೆಪ್ಟೆಂಬರ್ ಕೊನೆಯವರೆಗೆ 50ರಷ್ಟು ಸಿಗಬೇಕು. ಹಬ್ಬ, ಪರೀಕ್ಷೆ, ಜಿಲ್ಲಾಧಿಕಾರಿಗಳ ಮಳೆ ರಜೆ ಕಳೆದು 40 ಉಳಿಯಿತೆನ್ನಿ. ಹೊರಗಿನ ಸರದಿಗೆ 12 ಪಾಠ ಸಾಕು: ಕಬಡ್ಡಿ ಹಿಡಿತ 4, ರಿಲೇ 4, ಓಟದ ಆರಂಭ 4. ಒಳಗಿನ 28ರಲ್ಲಿ ಕಬಡ್ಡಿ 8, ಬ್ಯಾಟನ್ 5, ಯೋಗ 8, ನಿಯಮ ಮತ್ತು ಅಂಕ ಬರೆಯುವುದು, ಚೆಸ್ ಸೇರಿ 7. ಜುಲೈ ಕೊನೆಗೆ ಹೊರಗಿನ ಪಾಠ 3 ದಾಟಿರದಿದ್ದರೆ ಯೋಜನೆ ಜಾರುತ್ತಿದೆ ಎಂದೇ ಅರ್ಥ. ಆಗ ಮಳೆ ಬಿಡುವು ಕೊಟ್ಟ ದಿನ ಬೇರೆ ವಿಷಯದ ಶಿಕ್ಷಕರೊಂದಿಗೆ ಅವಧಿ ಅದಲುಬದಲು ಮಾಡಿಕೊಳ್ಳಲೇಬೇಕು.

ಮೈದಾನ ಆಡಲು ಯೋಗ್ಯವೇ ಎಂದು ತಿಳಿಯಲು ಹಿಮ್ಮಡಿ ಊರಿ ನೋಡಿ. ಗುರುತಿನಲ್ಲಿ ನೀರು ತುಂಬಿದರೆ ಆ ದಿನ ಬೇಡ. ಮುರಕಲ್ಲಿನ ನೆಲ ಬೇಗ ನೀರಿಳಿಸಿಕೊಳ್ಳುತ್ತದೆ, ಜೇಡಿಮಣ್ಣಿಗೆ ಇಡೀ ದಿನವೂ ಸಾಲದು. ನನ್ನ ಮಟ್ಟಿಗೆ ಇದಕ್ಕಿಂತ ಅಪಾಯದ್ದು ಜಗಲಿ. ಪಾಚಿಗಟ್ಟಿದ ಅಂಚು, ಒದ್ದೆ ಕಾಲು, ಎದುರಿಗೆ ಕಂಬ. ಅಲ್ಲಿ ಓಟದ ಸ್ಪರ್ಧೆ ಇಡಲೇಬೇಡಿ. ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳಿಸಿದರೆ ಮಕ್ಕಳನ್ನು ಒಳಗೆ ಕರೆದುಬಿಡಿ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬಾರದು.

ನವೆಂಬರ್‌ನಲ್ಲಿ ನೆಲ ಒಣಗಿದಾಗ ಅವಸರ ಬೇಡ. ತಿಂಗಳುಗಟ್ಟಲೆ ದೂರ ಓಡದ ಮಕ್ಕಳನ್ನು ಮೊದಲ ದಿನವೇ 800 ಮೀಟರ್ ಓಡಿಸಿದರೆ ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ನೋವು ಹತ್ತುತ್ತದೆ. ಎರಡು ವಾರ ನಡಿಗೆ, ನಿಧಾನದ ಓಟ ಬೆರೆಸಿ. ಹಾಗೆಂದು ದೂರದ ಓಟವನ್ನು ಮುಂದೂಡುತ್ತಲೂ ಇರಬೇಡಿ. ಫೆಬ್ರವರಿ ಬಂದರೆ ಕರಾವಳಿಯಲ್ಲಿ ಸೆಕೆ ಬಿಡುವುದಿಲ್ಲ, ಆದ್ದರಿಂದ ಅದು ಜನವರಿಯೊಳಗೆ ಮುಗಿಯಲಿ.

ಇನ್ನೊಂದು ಮಾತು ಮುಖ್ಯ ಶಿಕ್ಷಕರಿಗೆ. ಮಳೆ ಬಂತೆಂದು ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಟ್ಟರೆ ಒಳಗಿನ ಸರದಿಯೇ ಸತ್ತುಹೋಗುತ್ತದೆ. ಜೂನ್‌ನಲ್ಲಿ ವಾರ್ಷಿಕ ಯೋಜನೆಗೆ ಸಹಿ ಹಾಕುವಾಗಲೇ ಮಳೆಯ ದಿನ ಯಾವ ಜಗಲಿ, ಯಾವ ಕೋಣೆ ಆಟಕ್ಕೆ ಎಂಬುದನ್ನೂ ಅದರಲ್ಲಿ ಬರೆದುಕೊಡಿ.