ಜ್ವರದ ಫಿಟ್ಸ್ ಬಂದಾಗ ಗಡಿಯಾರ ನೋಡಿ

ಇವತ್ತಿನ ವಿಷಯ, ಚಿಕ್ಕ ಮಕ್ಕಳಿಗೆ ಬರುವ ಜ್ವರದ ಫಿಟ್ಸ್. ಜರ್ಮನಿಯಲ್ಲಿರುವವರು ಇದನ್ನು ಮಕ್ಕಳ ಡಾಕ್ಟರ ಬಾಯಲ್ಲಿ ‘ಫೀಬರ್‌ಕ್ರಾಂಪ್ಫ್’ ಅಂತ ಕೇಳಿರ್ತೀರಿ. ಆರು ತಿಂಗಳಿಂದ ಐದು ವರ್ಷದವರೆಗಿನ ವಯಸ್ಸಿನಲ್ಲಿ, ಯುರೋಪಿನ ಲೆಕ್ಕದಂತೆ, ನೂರರಲ್ಲಿ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಇದು ಬರುತ್ತೆ. ನಾನು ಡಾಕ್ಟರೇಟ್ ಮಾಡಿರೋ ಡಾಕ್ಟರ್, ಔಷಧಿ ಬರೆದುಕೊಡುವ ಡಾಕ್ಟರ್ ಅಲ್ಲ. ಹಾಗಾಗಿ ನಿಮ್ಮ ಮಗುವಿನ ಔಷಧಿಯ ಪ್ರಮಾಣ ನಿಮ್ಮ ಮಕ್ಕಳ ವೈದ್ಯರೇ ಹೇಳಬೇಕು.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಹದಿನಾರು ತಿಂಗಳ ಮಗು, ಹನ್ನೊಂದು ಕೆಜಿ ತೂಕ. ಬೆಳಿಗ್ಗೆಯಿಂದ ಮೂಗು ಸೋರ್ತಾ ಇದೆ, ಅಷ್ಟೇ. ಸಂಜೆ ಆಟ ಆಡ್ತಾ ಇದ್ದ ಹಾಗೇ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಮೈ ಸೆಟೆದುಕೊಳ್ಳುತ್ತೆ, ಆಮೇಲೆ ಎರಡೂ ಕೈ, ಎರಡೂ ಕಾಲು ಒಂದೇ ಸಮ ಅದುರೋಕೆ ಶುರು. ತುಟಿ ನೀಲಿ ಬಣ್ಣಕ್ಕೆ ತಿರುಗುತ್ತೆ, ಕೂಗಿದರೆ ಓಗೊಡಲ್ಲ. ಆಗ ಮೈ ಮುಟ್ಟಿ ನೋಡಿದರೆ ಬಿಸಿ. ಅಳೆದರೆ 38.4 ಡಿಗ್ರಿ.

ಮೊದಲ ಸಲ ಇದನ್ನು ನೋಡಿದ ತಂದೆತಾಯಿಗೆ ಮಗು ಹೋಗೇಬಿಟ್ಟಿತು ಅನ್ನಿಸುತ್ತೆ. ಆ ಕ್ಷಣದಲ್ಲಿ ಮಾಡಬೇಕಾದ್ದು ತುಂಬ ಕಡಿಮೆ. ಮೊದಲು ಗಡಿಯಾರ ನೋಡಿ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಎಂಜಲು ಅಥವಾ ವಾಂತಿ ಬಾಯಿಂದ ಹೊರಗೆ ಹರಿದುಹೋಗಲಿ. ಕುತ್ತಿಗೆ ಹತ್ತಿರದ ಬಟ್ಟೆ ಸಡಿಲ ಮಾಡಿ. ಬಾಯಿಗೆ ಬೆರಳು, ಚಮಚ, ನೀರು, ಸಿರಪ್ ಏನೂ ಬೇಡ. ಮಗು ನಾಲಿಗೆ ನುಂಗಲ್ಲ, ಆದರೆ ನುಗ್ಗಿಸಿದ ಚಮಚದಿಂದ ಹಲ್ಲು ಮುರಿಯಬಹುದು. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ, ತಣ್ಣೀರಲ್ಲಿ ಕೂರಿಸಬೇಡಿ. ನಮ್ಮೂರಿನ ರೂಢಿಯಂತೆ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟರೆ ಅದು ಏನೂ ಮಾಡಲ್ಲ. ಬೀಗದಕೈ ಹುಡುಕ್ತಾ ಕಳೆದ ಒಂದು ನಿಮಿಷ ಮಾತ್ರ ದಂಡ. ಕೈಕಾಲು ಅದುರೋದು ನಿಂತ ಹಾಗೇ ಹೆಚ್ಚಿನ ಮಕ್ಕಳಿಗೆ ಬೀಗದಕೈ ಕೊಟ್ಟಿದ್ದರಿಂದಲೇ ನಿಂತಿತು ಅನ್ನಿಸೋದು ಸಹಜ, ಯಾಕಂದ್ರೆ ಫಿಟ್ಸ್ ಹೇಗಿದ್ದರೂ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತೆ.

ಮೊದಲ ಸಲ ಆದರೆ, ಎಷ್ಟೇ ಹೊತ್ತು ಬಂದಿರಲಿ, ಜರ್ಮನಿಯಲ್ಲಿ 112ಕ್ಕೆ ಫೋನ್ ಮಾಡಿ. ಗಾಬರಿಯಲ್ಲಿ ಭಾಷೆ ಕೈಕೊಡುತ್ತೆ, ಅದಕ್ಕೆ ಒಂದೇ ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ: ‘ಮೈನ್ ಕಿಂಟ್ ಹಾಟ್ ಐನೆನ್ ಫೀಬರ್‌ಕ್ರಾಂಪ್ಫ್.’ ಆಮೇಲೆ ವಿಳಾಸ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಫೋನಿನಲ್ಲಿ ವಿಡಿಯೋ ಮಾಡಲಿ. ಫಿಟ್ಸ್ ಇಡೀ ಮೈಗೆ ಬಂತೋ, ಒಂದೇ ಕಡೆಗೆ ಬಂತೋ ಅನ್ನೋದು ವೈದ್ಯರಿಗೆ ಬಹಳ ಮುಖ್ಯ, ನಮಗೆ ಆಮೇಲೆ ಅದು ಸರಿಯಾಗಿ ನೆನಪಿರಲ್ಲ.

ಈಗ ಗಡಿಯಾರದ ವಿಚಾರ. ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ ಆಗ್ತಾ ಹೋಗುತ್ತೆ. ಇದಕ್ಕೆ ಒಂದು ಕಾರಣ ನರಕೋಶದ ಮೇಲ್ಮೈಯಲ್ಲಿದೆ. ಮೆದುಳಿಗೆ ಬ್ರೇಕ್ ಹಾಕುವ ರಾಸಾಯನಿಕ ಗಾಬಾ. ಅದನ್ನು ಹಿಡಿಯುವ ಗ್ರಾಹಕಗಳು ಫಿಟ್ಸ್ ಉದ್ದವಾದಷ್ಟೂ ಕೋಶದ ಹೊರಮೈಯಿಂದ ಒಳಗೆ ಸರಿದುಕೊಳ್ಳುತ್ತವೆ ಅಂತ ಪ್ರಾಣಿಗಳಲ್ಲಿ ಕಂಡಿದ್ದಾರೆ. ಡಯಾಜೆಪಾಮ್, ಮಿಡಜೋಲಾಮ್ ಕೆಲಸ ಮಾಡೋದು ಇದೇ ಗ್ರಾಹಕಗಳ ಮೇಲೆ. ತಡ ಆದಷ್ಟೂ ಔಷಧಿಗೆ ಹಿಡಿಯೋಕೆ ಜಾಗ ಕಡಿಮೆ. ಇಲ್ಲಿನ ವೈದ್ಯರು ಒಮ್ಮೆ ಫಿಟ್ಸ್ ಬಂದ ಮಗುವಿನ ಮನೆಗೆ ಗುದದ್ವಾರದಲ್ಲಿ ಹಾಕುವ ಡಯಾಜೆಪಾಮ್ ಟ್ಯೂಬನ್ನೋ, ಕೆನ್ನೆಯ ಒಳಗೆ ಹಾಕುವ ಮಿಡಜೋಲಾಮನ್ನೋ ಬರೆದುಕೊಡೋದು ಇದಕ್ಕೇ. ನಮ್ಮ ಹನ್ನೊಂದು ಕೆಜಿ ಮಗುವಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ ಟ್ಯೂಬ್. 15 ಕೆಜಿ ದಾಟಿದ ಮಕ್ಕಳಿಗೆ 10. ಟ್ಯೂಬನ್ನು ಹೊರಗೆ ತೆಗೆಯುವಾಗಲೂ ಒತ್ತಿ ಹಿಡಿದೇ ಇರಬೇಕು. ಕೈ ಸಡಿಲ ಬಿಟ್ಟರೆ ಒಳಗೆ ಹೋದ ಔಷಧಿ ವಾಪಸ್ ಟ್ಯೂಬಿಗೇ ಬರುತ್ತೆ.

ಜ್ವರ ಫಿಟ್ಸ್ ತರೋದು ಹೇಗೆ? ಪೂರ್ತಿ ಉತ್ತರ ಒಂದೇ ಅಲ್ಲ, ಆದರೆ ಒಂದು ತುಂಡು ಬರ್ಲಿನ್‌ನ ಷಾರಿಟೆಯಿಂದಲೇ ಬಂದಿದೆ. 2006ರಲ್ಲಿ ಸೆಬಾಸ್ಟಿಯನ್ ಷೂಖ್‌ಮನ್ ಮತ್ತು ಹೆಲ್ಸಿಂಕಿಯ ಕೈ ಕೈಲಾ ಅವರ ಗುಂಪು ಇಲಿಮರಿಗಳ ಮೈಯನ್ನು ಬಿಸಿ ಮಾಡಿ ನೋಡಿತು. ಬಿಸಿಯಾದ ಮರಿ ಜೋರಾಗಿ ಉಸಿರಾಡುತ್ತೆ, ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತೆ, ಮೆದುಳು ಸ್ವಲ್ಪ ಕ್ಷಾರೀಯವಾಗುತ್ತೆ, ನರಕೋಶಗಳು ಕೆರಳುತ್ತವೆ. ಗಾಳಿಗೆ ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್ ಸೇರಿಸಿದ್ದೇ ತಡ, ಫಿಟ್ಸ್ ಬೇಗನೆ ನಿಂತುಹೋಯ್ತು. ನನಗೆ ಇದು ಬಹಳ ಚೆಂದದ ಪ್ರಯೋಗ. ಆದರೆ ಮಗುವಿನ ಮೂತಿಗೆ ಚೀಲ ಹಿಡಿಯೋ ಐಡಿಯಾ ಯಾರಿಗೂ ಬರದೇ ಇರಲಿ.

ಹಾಗಾದರೆ ಮೆದುಳಿಗೆ ಪೆಟ್ಟು? ಇದಕ್ಕೆ ಹಳೆಯದಾದರೂ ಗಟ್ಟಿಯಾದ ಸಾಕ್ಷಿ ಇದೆ. ಅಮೆರಿಕದಲ್ಲಿ ಕ್ಯಾರಿನ್ ನೆಲ್ಸನ್ ಮತ್ತು ಜೊನಸ್ ಎಲನ್‌ಬರ್ಗ್ ಇಂಥ 1,706 ಮಕ್ಕಳ ಏಳು ವರ್ಷದವರೆಗಿನ ದಾಖಲೆ ನೋಡಿದರು. ಬುದ್ಧಿಮತ್ತೆಗೆ ಅವರು ಹೋಲಿಸಿದ್ದು ಅದೇ ಮನೆಯ ಅಣ್ಣತಮ್ಮ, ಅಕ್ಕತಂಗಿಯರ ಜೊತೆ. ಮನೆ, ಊಟ, ಶಾಲೆ ಎಲ್ಲ ಒಂದೇ ಇದ್ದರೆ ಹೋಲಿಕೆ ನ್ಯಾಯವಾಗಿರುತ್ತೆ ನೋಡಿ. ಫಿಟ್ಸ್‌ಗೆ ಮೊದಲು ಚೆನ್ನಾಗಿದ್ದ ಮಕ್ಕಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಏಳು ವರ್ಷದ ಹೊತ್ತಿಗೆ ಮೂರ್ಛೆರೋಗ ಬಂದದ್ದು ಶೇಕಡ 2ರಷ್ಟು ಮಕ್ಕಳಿಗೆ. ಜ್ವರದ ಫಿಟ್ಸ್ ಬರದೇ ಇದ್ದವರಲ್ಲಿ ಅದು ಶೇಕಡ 0.5. ಮೊದಲಿನಿಂದ ಆರೋಗ್ಯವಾಗಿದ್ದು, ಸರಳ ಫಿಟ್ಸ್ ಬಂದ ಮಕ್ಕಳಲ್ಲಿ ಸುಮಾರು 1. ಸರಳ ಅಂದರೆ ಇಡೀ ಮೈಗೆ ಬಂದದ್ದು, ಹದಿನೈದು ನಿಮಿಷದೊಳಗೆ ನಿಂತದ್ದು, ಒಂದು ದಿನದಲ್ಲಿ ಎರಡನೇ ಸಲ ಬರದೇ ಇದ್ದದ್ದು. ಈ ಭರವಸೆಯನ್ನು ಅರ್ಧ ಗಂಟೆ ಮೀರಿದ ಫಿಟ್ಸ್‌ಗೆ ವಿಸ್ತರಿಸೋ ಹಾಗಿಲ್ಲ. ಅಂಥ ಕೆಲವು ಮಕ್ಕಳಲ್ಲಿ ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಭಾಗ ಊದಿಕೊಂಡದ್ದು ಸ್ಕ್ಯಾನಿನಲ್ಲಿ ಕಂಡಿದೆ.

ಫಿಟ್ಸ್‌ಗಿಂತ ನಾನು ಹೆದರೋದು ಅದರ ಹಿಂದಿನ ಜ್ವರಕ್ಕೆ. ನಿಂತ ಮೇಲೆ ಮಗು ಸ್ವಲ್ಪ ಹೊತ್ತು ಮಂಕಾಗಿ ನಿದ್ದೆ ಮಾಡೋದು ಸಹಜ. ಒಂದು ಗಂಟೆಯಾದರೂ ಸರಿಯಾಗಿ ಎಚ್ಚರವಾಗದೇ ಇದ್ದರೆ, ಕುತ್ತಿಗೆ ಬಿಗಿದಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕೆ ಇದ್ದರೆ, ಅದು ಮೆದುಳುಪೊರೆಯ ಸೋಂಕು ಇರಬಹುದು. ಆರು ತಿಂಗಳೊಳಗಿನ ಮಗುವಿಗೆ ಜ್ವರದ ಜೊತೆ ಫಿಟ್ಸ್ ಬಂದರೆ ಅದನ್ನು ಬರೀ ಜ್ವರದ ಫಿಟ್ಸ್ ಅಂದುಕೊಳ್ಳಲೇಬಾರದು.

ಮತ್ತೆ ಬರುತ್ತಾ? ಒಟ್ಟಾರೆ ಮೂರರಲ್ಲಿ ಒಂದು ಮಗುವಿಗೆ ಬರುತ್ತೆ, ಬಹುಪಾಲು ಮೊದಲ ವರ್ಷದೊಳಗೆ. ಆನ್ ಬರ್ಗ್ ಮತ್ತು ಸಂಗಡಿಗರು 1997ರಲ್ಲಿ 428 ಮಕ್ಕಳ ಲೆಕ್ಕ ಪ್ರಕಟಿಸಿದರು. ಅವರು ಗುರುತಿಸಿದ್ದು ನಾಲ್ಕು ಅಂಶ: ವಯಸ್ಸು ಒಂದೂವರೆ ವರ್ಷಕ್ಕಿಂತ ಕಡಿಮೆ, ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೆ ಇದೇ ಫಿಟ್ಸ್ ಬಂದಿರೋದು, ಫಿಟ್ಸ್ ಬಂದಾಗ ಜ್ವರ ಕಡಿಮೆ ಇರೋದು, ಜ್ವರ ಶುರುವಾದ ಒಂದು ಗಂಟೆಯೊಳಗೇ ಫಿಟ್ಸ್ ಬಂದಿರೋದು. ನಮ್ಮ ಮಗುವಿನ ಅಪ್ಪನಿಗೂ ಚಿಕ್ಕಂದಿನಲ್ಲಿ ಬಂದಿತ್ತು ಅಂದುಕೊಳ್ಳಿ. ನಾಲ್ಕೂ ಸೇರಿದವು. ಎರಡು ವರ್ಷದಲ್ಲಿ ಮತ್ತೆ ಬರುವ ಸಾಧ್ಯತೆ ಶೇಕಡ 76. ಇನ್ನೊಂದು ಮಗುವಿಗೆ ಮೂರು ವರ್ಷ, ಒಂದು ದಿನದಿಂದ ಜ್ವರ, 40 ಡಿಗ್ರಿಯಲ್ಲಿ ಫಿಟ್ಸ್, ಮನೆಯಲ್ಲಿ ಯಾರಿಗೂ ಇಲ್ಲ. ಅದಕ್ಕೆ ಬರೀ 4. ಸುಡುವ ಜ್ವರದಲ್ಲಿ ಬಂದದ್ದು ಹೆಚ್ಚು ಅಪಾಯ ಅಂತ ನಮಗೆ ತೋಚುತ್ತೆ. ನಿಜ ತಿರುಗುಮುರುಗು: ಸಣ್ಣ ಜ್ವರಕ್ಕೇ ಕೆರಳುವ ಮೆದುಳು ಮುಂದಿನ ಸಣ್ಣ ಜ್ವರಕ್ಕೂ ಕೆರಳಬಹುದು.

ಇದೇ ಕಾರಣಕ್ಕೆ ರಾತ್ರಿಯಿಡೀ ಎಚ್ಚರವಿದ್ದು, ಜ್ವರ ಏರದ ಹಾಗೆ ಗಂಟೆ ನೋಡಿಕೊಂಡು ಪ್ಯಾರಾಸಿಟಮಾಲ್ ಕೊಡೋದರಿಂದ ಮುಂದಿನ ಜ್ವರದಲ್ಲಿ ಫಿಟ್ಸ್ ತಪ್ಪುತ್ತೆ ಅಂತ ಅಧ್ಯಯನಗಳು ತೋರಿಸಿಲ್ಲ. ಮಗುವಿಗೆ ಮೈಕೈ ನೋವು, ಕಿರಿಕಿರಿ ಇದ್ದರೆ ಕೊಡಿ, ಅದಕ್ಕೆ ಅದು ಒಳ್ಳೆ ಔಷಧಿ.

ನಾಲ್ಕೂ ಅಂಶ ಇರುವ ಮಗು ಕೀಟಾಗೆ ಹೋಗ್ತಾ ಇದ್ದರೆ ಅಲ್ಲೂ ಒಂದು ಟ್ಯೂಬ್ ಇರಬೇಕು. ಅಲ್ಲಿಯವರು ಬರೀ ಬಾಯಿಮಾತಿಗೆ ಔಷಧಿ ಹಾಕೋಕೆ ಹಿಂಜರೀತಾರೆ. ಎಷ್ಟನೇ ನಿಮಿಷಕ್ಕೆ, ಎಷ್ಟು ಮಿಲಿಗ್ರಾಂ ಅಂತ ಮಕ್ಕಳ ವೈದ್ಯರಿಂದ ಬರೆಸಿ, ನಿಮ್ಮ ಸಹಿ ಹಾಕಿ ಕೊಡಿ. ಟ್ಯೂಬಿನ ಮೇಲಿನ ಅವಧಿ ಮುಗಿಯುವ ತಾರೀಖನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳಿ, ಮಗುವಿನ ತೂಕ 15 ಕೆಜಿ ದಾಟಿದ ದಿನ ಹೊಸ ಚೀಟಿ ಕೇಳಿ.